ಅಕ್ಷರಮಾಲೆ ಕ್ರಮ ಬಿಡಿ: ಕಾಲೇಜು ಲ್ಯಾಬ್‌ನ ಕೆಮಿಕಲ್ ಸ್ಟೋರ್ ಜೋಡಿಸುವ ಸಮಗ್ರ ಮಾರ್ಗದರ್ಶಿ

ಅನೇಕ ಪಿಯು ಮತ್ತು ಡಿಗ್ರಿ ಕಾಲೇಜುಗಳ ಕೆಮಿಸ್ಟ್ರಿ ಸ್ಟೋರ್ ರೂಮಿನಲ್ಲಿ ಬಾಟಲಿಗಳನ್ನು ಇಂಗ್ಲಿಷ್ ಅಕ್ಷರಮಾಲೆಯ ಕ್ರಮದಲ್ಲಿ ಇಟ್ಟಿರುತ್ತಾರೆ. ಸ್ಟಾಕ್ ರಿಜಿಸ್ಟರ್ ಕೂಡ ಅದೇ ಕ್ರಮದಲ್ಲಿ ಇರುತ್ತದೆ. ಹುಡುಕಲು ಸುಲಭ, ಲೆಕ್ಕ ಹಾಕಲು ಸುಲಭ. ಆದರೆ ಆ ಸಾಲನ್ನು ಒಮ್ಮೆ ನಿಂತು ಓದಿ. 'ಎ' ಸಾಲಿನಲ್ಲಿ ಅಸಿಟಿಕ್ ಆಸಿಡ್, ಅಸಿಟೋನ್, ಅಮೋನಿಯಾ, ಅಮೋನಿಯಂ ನೈಟ್ರೇಟ್. ಅಂದರೆ ಒಂದು ಆಸಿಡ್, ಒಂದು ಸುಲಭವಾಗಿ ಹೊತ್ತಿಕೊಳ್ಳುವ ದ್ರವ, ಒಂದು ಬೇಸ್, ಬೇರೆ ವಸ್ತು ಉರಿಯಲು ಆಕ್ಸಿಜನ್ ಒದಗಿಸುವ ಒಂದು ಆಕ್ಸಿಡೈಸರ್. ನಾಲ್ಕೂ ಬಗೆ ಒಂದೇ ಹಲಗೆಯ ಮೇಲೆ! 'ಎಚ್' ಸಾಲಿನಲ್ಲಿ ಹೈಡ್ರೋಕ್ಲೋರಿಕ್ ಆಸಿಡ್ ಪಕ್ಕದಲ್ಲೇ ಹೈಡ್ರೋಜನ್ ಪೆರಾಕ್ಸೈಡ್. ಸಾಂದ್ರವಾಗಿರುವಾಗ ಇವೆರಡು ಬೆರೆತರೆ ಕ್ಲೋರಿನ್ ಅನಿಲ ಹೊರಡುತ್ತದೆ.

ಇದು ಗೊತ್ತಾದವರು ಮಾಡುವ ಮೊದಲ ಕೆಲಸ ಎಂದರೆ ಆಸಿಡ್‌ಗಳನ್ನೆಲ್ಲ ಒಂದು ಬೀರುವಿಗೆ, ಬೇಸ್‌ಗಳನ್ನೆಲ್ಲ ಇನ್ನೊಂದಕ್ಕೆ ಹಾಕುವುದು. ಅದು ಅರ್ಧ ಕೆಲಸ ಮಾತ್ರ. ನೈಟ್ರಿಕ್ ಆಸಿಡ್ ಕೂಡ ಆಸಿಡ್, ಗ್ಲೇಶಿಯಲ್, ಅಂದರೆ ನೀರು ಬೆರೆಸದ ಅಸಿಟಿಕ್ ಆಸಿಡ್ ಕೂಡ ಆಸಿಡ್. ಹೆಸರು ನೋಡಿ ಇವೆರಡನ್ನೂ ಒಂದೇ ಬೀರುವಿನಲ್ಲಿಟ್ಟರೆ, ಅಕ್ಷರಮಾಲೆ ದೂರ ಇಟ್ಟಿದ್ದ ಜೋಡಿಯನ್ನು ನಾವೇ ಹತ್ತಿರ ತಂದಂತಾಗುತ್ತದೆ. ಈ ಲೇಖನದಲ್ಲಿ ಅಂಥ ಒಂದು ಸಣ್ಣ ಸ್ಟೋರ್ ರೂಮನ್ನು ಬಾಟಲಿ ಬಾಟಲಿಯಾಗಿ ಜೋಡಿಸಿ ನೋಡೋಣ.

ಕೇಳಬೇಕಾದ ಪ್ರಶ್ನೆ ಒಂದೇ

ಪ್ರತಿ ಎರಡು ಬಾಟಲಿಗಳ ಬಗ್ಗೆಯೂ ಹೀಗೆ ಕೇಳಿಕೊಳ್ಳಿ: ರಾತ್ರಿ ಯಾರೂ ಇಲ್ಲದಾಗ ಇವೆರಡೂ ಒಡೆದು ಒಂದೇ ಕಡೆ ಹರಿದರೆ ಏನಾಗುತ್ತದೆ? ಉತ್ತರ ಸಾಮಾನ್ಯವಾಗಿ ಮೂರು ಬಗೆ. ವಿಪರೀತ ಶಾಖ ಹುಟ್ಟಬಹುದು. ವಿಷದ ಅನಿಲ ಬರಬಹುದು. ಬೆಂಕಿ ಹೊತ್ತಬಹುದು ಅಥವಾ ಸಿಡಿಯಬಹುದು. ಈ ಮೂರರಲ್ಲಿ ಒಂದಾದರೂ ಆಗುತ್ತದೆ ಎಂದಾದರೆ ಆ ಎರಡು ಬಾಟಲಿಗಳು ಅಕ್ಕಪಕ್ಕ ಇರಬಾರದು.

ಆಸಿಡ್ ಮತ್ತು ಬೇಸ್ ಬೆರೆತರೆ ಉಪ್ಪು, ನೀರು ಆಗುತ್ತದೆ ಎಂದು ಹತ್ತನೇ ಕ್ಲಾಸಿನಲ್ಲೇ ಓದಿದ್ದೇವೆ ಅಲ್ವಾ? ಹಾಗಾಗಿ ಅದು ಸಾಧು ಅನ್ನಿಸುತ್ತದೆ. ಪಾಠದಲ್ಲಿ ಬರುವುದು ತೆಳು ದ್ರಾವಣ, ಬ್ಯುರೆಟ್‌ನಿಂದ ಹನಿ ಹನಿಯಾಗಿ. ಸ್ಟೋರ್ ರೂಮಿನಲ್ಲಿ ಇರುವುದು 98 ಶೇಕಡಾ ಸಲ್ಫ್ಯೂರಿಕ್ ಆಸಿಡ್, ಅದೂ ಎರಡೂವರೆ ಲೀಟರ್ ಬಾಟಲಿಯಲ್ಲಿ. ಅದು ಕಾಸ್ಟಿಕ್ ಸೋಡಾದ ಮೇಲೆ ಬಿದ್ದರೆ ಹುಟ್ಟುವ ಶಾಖಕ್ಕೆ ದ್ರವ ಕುದಿದು ಸುತ್ತ ಸಿಡಿಯುತ್ತದೆ. ರಾಸಾಯನಿಕ ಕ್ರಿಯೆ ಅದೇ, ಆದರೆ ಪ್ರಮಾಣ ಬೇರೆ.

ಸುಮ್ನೆ ಒಂದು ಹನಿ ಬೆರೆಸಿ 'ಏನೂ ಆಗಲಿಲ್ಲ' ಎಂದು ತೀರ್ಮಾನಿಸುವುದು ಇನ್ನೊಂದು ಅಪಾಯ. ಪೊಟ್ಯಾಸಿಯಂ ಪರ್ಮಾಂಗನೇಟ್ ಮೇಲೆ ಗ್ಲಿಸರಿನ್ ಬಿದ್ದಾಗ ಮೊದಲ ಕೆಲವು ಕ್ಷಣ ಏನೂ ಕಾಣುವುದಿಲ್ಲ. ಆಮೇಲೆ ಹೊಗೆ, ಆಮೇಲೆ ತಾನೇ ತಾನಾಗಿ ಬೆಂಕಿ. ಕಡ್ಡಿ ಗೀರಬೇಕಾಗಿಲ್ಲ. ಹರಳು ಎಷ್ಟು ಸಣ್ಣದಾಗಿದೆ, ರೂಮು ಎಷ್ಟು ಬಿಸಿ ಇದೆ ಎಂಬುದರ ಮೇಲೆ ಆ ತಡ ಹೆಚ್ಚು ಕಡಿಮೆ ಆಗುತ್ತದೆ.

ಮೊದಲ ಹೆಜ್ಜೆ: ಜಾಗ ಬದಲಿಸುವ ಮುಂಚೆ ಪಟ್ಟಿ

ಬಾಟಲಿ ಎತ್ತುವ ಮೊದಲು ಕೂತು ಪಟ್ಟಿ ಮಾಡಿ. ಹೆಸರು, ಸಾಂದ್ರತೆ, ಪ್ರಮಾಣ, ಘನವೋ ದ್ರವವೋ, ಕೊಂಡ ವರ್ಷ. ಸಾಂದ್ರತೆ ಬರೆಯದ ಪಟ್ಟಿಯಿಂದ ಉಪಯೋಗ ಕಡಿಮೆ. 3 ಶೇಕಡಾ ಹೈಡ್ರೋಜನ್ ಪೆರಾಕ್ಸೈಡ್ ಗಾಯಕ್ಕೆ ಹಚ್ಚುವ ವಸ್ತು, 30 ಶೇಕಡಾದ್ದು ಚರ್ಮ ಸುಡುವ ಬಲವಾದ ಆಕ್ಸಿಡೈಸರ್.

ಲೇಬಲ್ ಮೇಲೆ ಕೆಂಪು ಅಂಚಿನ ವಜ್ರಾಕಾರದ ಚಿತ್ರಗಳಿರುತ್ತವೆ. ಬರೀ ಜ್ವಾಲೆ ಇದ್ದರೆ ಅದು ಹೊತ್ತಿಕೊಳ್ಳುವ ವಸ್ತು. ವೃತ್ತದ ಮೇಲೆ ಜ್ವಾಲೆ ಇದ್ದರೆ ಆಕ್ಸಿಡೈಸರ್. ಈ ಎರಡನ್ನು ಗಡಿಬಿಡಿಯಲ್ಲಿ ಒಂದೇ ಎಂದುಕೊಳ್ಳುವವರು ಜಾಸ್ತಿ. ಚಿತ್ರ ಹೆಚ್ಚು ಕಡಿಮೆ ಹಾಗೇ ಕಾಣುತ್ತದೆ, ಆದರೆ ಇವೆರಡೇ ಒಂದರಿಂದ ಒಂದು ಅತಿ ದೂರ ಇರಬೇಕಾದವು. ಕೈಯ ಮೇಲೆ ದ್ರವ ಸುರಿಯುವ ಚಿತ್ರ ಇದ್ದರೆ ಚರ್ಮ ಅಥವಾ ಲೋಹ ತಿನ್ನುವಂಥದ್ದು. ಆಸಿಡ್‌ಗೂ ಇದೇ ಚಿತ್ರ, ಬೇಸ್‌ಗೂ ಇದೇ ಚಿತ್ರ. ಆದ್ದರಿಂದ ಚಿತ್ರ ಒಂದೇ ಎಂದು ಒಟ್ಟಿಗೆ ಇಡಬೇಡಿ.

ಅನುಮಾನ ಬಂದ ಪ್ರತಿ ವಸ್ತುವಿಗೆ ತಯಾರಕರ ಸೇಫ್ಟಿ ಡೇಟಾ ಶೀಟ್ ತೆಗೆದು ನೋಡಿ. ಹದಿನಾರು ಭಾಗಗಳಿರುತ್ತವೆ, ಎಲ್ಲ ಓದಬೇಕಾಗಿಲ್ಲ. ಏಳನೇ ಭಾಗದಲ್ಲಿ ಹೇಗೆ ಇಡಬೇಕು ಎಂದು ಇರುತ್ತದೆ. ಹತ್ತನೇ ಭಾಗದಲ್ಲಿ ಯಾವುದರ ಜೊತೆ ಹೊಂದುವುದಿಲ್ಲ ಎಂದು ಇರುತ್ತದೆ. ಈ ಕೆಲಸಕ್ಕೆ ಆ ಎರಡು ಭಾಗ ಸಾಕು.

ಲೇಬಲ್ ಅಳಿಸಿ ಹೋದ ಬಾಟಲಿ ಸಿಕ್ಕರೆ ಮೂಸಿ ನೋಡಿ ಪತ್ತೆ ಮಾಡಲು ಹೋಗಬೇಡಿ. 'ಗೊತ್ತಿಲ್ಲ' ಎಂದು ಚೀಟಿ ಅಂಟಿಸಿ, ಬೇರೆ ಟಬ್ಬಿನಲ್ಲಿ ಒಂಟಿಯಾಗಿ ಇಡಿ.

ನಮ್ಮ ಸ್ಟೋರ್ ರೂಮು

ಉದಾಹರಣೆಗೆ ಇಂಥ ಒಂದು ರೂಮು ಅಂದುಕೊಳ್ಳಿ. ಒಂದು ಸ್ಟೀಲ್ ಬೀರು, ಒಂದು ಮರದ ಬೀರು, ಒಂದು ತೆರೆದ ಕಬ್ಬಿಣದ ರ‍್ಯಾಕ್, ಗೋಡೆಯಲ್ಲಿ ಕಡಪ ಕಲ್ಲಿನ ಶೆಲ್ಫ್, ಕಿಟಕಿಯ ಕೆಳಗೆ ಮೊಣಕಾಲೆತ್ತರದ ಸಿಮೆಂಟ್ ಕಟ್ಟೆ. ಒಂದು ಎಕ್ಸಾಸ್ಟ್ ಫ್ಯಾನ್. ಇಷ್ಟೇ.

ಬಾಟಲಿಗಳು ಇವು: ಹೈಡ್ರೋಕ್ಲೋರಿಕ್, ಸಲ್ಫ್ಯೂರಿಕ್ ಮತ್ತು ನೈಟ್ರಿಕ್ ಆಸಿಡ್, ಗ್ಲೇಶಿಯಲ್ ಅಸಿಟಿಕ್ ಆಸಿಡ್, ಅಮೋನಿಯಾ ದ್ರಾವಣ, ಕಾಸ್ಟಿಕ್ ಸೋಡಾ, ಅಸಿಟೋನ್, ಎಥನಾಲ್, ಗ್ಲಿಸರಿನ್, ಪೊಟ್ಯಾಸಿಯಂ ಪರ್ಮಾಂಗನೇಟ್, ಪೊಟ್ಯಾಸಿಯಂ ಡೈಕ್ರೋಮೇಟ್, ಅಮೋನಿಯಂ ನೈಟ್ರೇಟ್, 30 ಶೇಕಡಾ ಹೈಡ್ರೋಜನ್ ಪೆರಾಕ್ಸೈಡ್, ಗಂಧಕದ ಪುಡಿ ಮತ್ತು ಐರನ್ ಸಲ್ಫೈಡ್ ತುಂಡುಗಳು. ಉಳಿದಂತೆ ಉಪ್ಪು, ಮೈಲುತುತ್ತದಂಥ ಸಾಮಾನ್ಯ ಲವಣಗಳು.

ಎರಡನೇ ಹೆಜ್ಜೆ: ಕಾಗದದ ಮೇಲೆ ಗುಂಪು ಮಾಡಿ

ಮೊದಲು ಒರಟಾಗಿ ನಾಲ್ಕು ಗುಂಪು: ಆಸಿಡ್, ಬೇಸ್, ಹೊತ್ತಿಕೊಳ್ಳುವಂಥವು, ಆಕ್ಸಿಡೈಸರ್. ಆಮೇಲೆ ಗುಂಪಿನ ಒಳಗೆ ಮತ್ತೆ ಅದೇ ಪ್ರಶ್ನೆ ಕೇಳಿ. ಹೆಚ್ಚಿನ ತಪ್ಪುಗಳು ಆಗುವುದು ಈ ಎರಡನೇ ಸುತ್ತನ್ನು ಬಿಟ್ಟಾಗ.

ಆಸಿಡ್ ಗುಂಪನ್ನು ತೆಗೆದುಕೊಳ್ಳಿ. ಸಾಂದ್ರ ನೈಟ್ರಿಕ್ ಆಸಿಡ್ ಆಸಿಡ್ ಅಷ್ಟೇ ಅಲ್ಲ, ಬಲವಾದ ಆಕ್ಸಿಡೈಸರ್. ಕಾರ್ಬನ್ ಇರುವ ಹಲವು ವಸ್ತುಗಳ ಮೇಲೆ ಬೀಳುತ್ತದೆ. ಅಸಿಟೋನ್, ಆಲ್ಕೋಹಾಲ್ ಜೊತೆ ಉಗ್ರವಾಗಿ ವರ್ತಿಸುತ್ತದೆ. ಮರದ ಹೊಟ್ಟು, ಹತ್ತಿ ಬಟ್ಟೆ, ಕಾಗದವನ್ನು ಬೆಂಕಿ ಹತ್ತುವ ಮಟ್ಟಕ್ಕೆ ಬಿಸಿ ಮಾಡಬಲ್ಲದು. ಇನ್ನು ಗ್ಲೇಶಿಯಲ್ ಅಸಿಟಿಕ್ ಆಸಿಡ್ ಕಾರ್ಬನ್ ಇರುವ ಆಸಿಡ್, ಉರಿಯುವ ದ್ರವ. ಅದರ ಫ್ಲ್ಯಾಶ್ ಪಾಯಿಂಟ್, ಅಂದರೆ ಕಿಡಿ ತಾಗಿದರೆ ಆವಿ ಹೊತ್ತಿಕೊಳ್ಳುವ ಕನಿಷ್ಠ ಉಷ್ಣತೆ, ಸುಮಾರು 39 ಡಿಗ್ರಿ ಸೆಲ್ಸಿಯಸ್. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಮುಚ್ಚಿದ ರೂಮು ಅದನ್ನು ಸಲೀಸಾಗಿ ದಾಟುತ್ತದೆ. ಅಂದರೆ ಜನವರಿಯಲ್ಲಿ ಬರೀ ಆಸಿಡ್ ಆಗಿದ್ದ ಬಾಟಲಿ ಏಪ್ರಿಲ್ ಮಧ್ಯಾಹ್ನ ಸ್ಪಿರಿಟ್ ಬಾಟಲಿಯ ಸಾಲಿಗೆ ಸೇರುತ್ತದೆ. ಆದ್ದರಿಂದ ಅಸಿಟಿಕ್ ಆಸಿಡ್‌ನ ಜಾಗ ಹೊತ್ತಿಕೊಳ್ಳುವ ವಸ್ತುಗಳ ಬೀರು. ಅಲ್ಲೂ ಅದಕ್ಕೆ ಸ್ವಂತ ಟಬ್ ಬೇಕು, ಏಕೆಂದರೆ ಸೋರಿದರೆ ಸ್ಟೀಲನ್ನು ತಿನ್ನುತ್ತದೆ.

ನೈಟ್ರಿಕ್ ಆಸಿಡ್‌ಗೆ ಹೈಡ್ರೋಕ್ಲೋರಿಕ್ ಆಸಿಡ್ ಕೂಡ ಆಗುವುದಿಲ್ಲ. ಇವೆರಡೂ ಬೆರೆತರೆ ಚಿನ್ನ ಕರಗಿಸುವ ರಾಜಾಮ್ಲ ಆಗುತ್ತದೆ, ಕ್ಲೋರಿನ್ ಸಹಿತ ವಿಷದ ಅನಿಲ ಹೊಮ್ಮುತ್ತದೆ. ಹಾಗಾಗಿ ನೈಟ್ರಿಕ್ ಒಂಟಿ. ಸಲ್ಫ್ಯೂರಿಕ್ ಮತ್ತು ಹೈಡ್ರೋಕ್ಲೋರಿಕ್ ಒಂದೇ ಕಟ್ಟೆಯ ಮೇಲೆ ಇರಬಹುದು, ಆದರೆ ಒಂದೇ ಟಬ್ಬಿನಲ್ಲಿ ಬೇಡ. ಸಲ್ಫ್ಯೂರಿಕ್ ನೀರನ್ನು ಎಳೆದುಕೊಳ್ಳುವಾಗ ಹೈಡ್ರೋಜನ್ ಕ್ಲೋರೈಡ್ ಅನಿಲ ಹೊರಗೆ ತಳ್ಳಲ್ಪಡುತ್ತದೆ.

ಆಕ್ಸಿಡೈಸರ್ ಗುಂಪಿನೊಳಗೂ ಜಗಳ ಇದೆ. ಹೈಡ್ರೋಜನ್ ಪೆರಾಕ್ಸೈಡ್‌ಗೆ ಪರ್ಮಾಂಗನೇಟ್ ಬಿದ್ದರೆ ಅದು ರಭಸದಿಂದ ಒಡೆದು ಆಕ್ಸಿಜನ್ ಮತ್ತು ಶಾಖ ಬಿಡುತ್ತದೆ. ಎರಡೂ ಆಕ್ಸಿಡೈಸರ್‌ಗಳೇ, ಆದರೂ ಬೇರೆ ಅಂಕಣ. ಅಮೋನಿಯಂ ನೈಟ್ರೇಟ್ ಕಾಸ್ಟಿಕ್ ಸೋಡಾ ಜೊತೆ ಸೇರಿದರೆ ಅಮೋನಿಯಾ ಬಿಡುತ್ತದೆ. ಗಂಧಕದ ಪುಡಿ ಅಥವಾ ಲೋಹದ ಪುಡಿ ಆಕ್ಸಿಡೈಸರ್ ಜೊತೆ ಸೇರಿದರೆ ಅದು ಪಟಾಕಿ ಮಿಶ್ರಣ.

ಐರನ್ ಸಲ್ಫೈಡ್ ತುಂಡುಗಳನ್ನು ನೋಡಿದರೆ ಸುಮ್ಮನೆ ಬಿದ್ದಿರುವ ಕಲ್ಲಿನಂತೆ ಕಾಣುತ್ತವೆ. ಆಸಿಡ್ ಹರಿದು ಬಂದರೆ ಹೈಡ್ರೋಜನ್ ಸಲ್ಫೈಡ್ ಹೊರಡುತ್ತದೆ. ಕೊಳೆತ ಮೊಟ್ಟೆ ವಾಸನೆ ಬಂದರೆ ಗೊತ್ತಾಗುತ್ತದಲ್ಲ ಎಂದು ನಂಬಿ ಕೂರಬೇಡಿ. ಪ್ರಮಾಣ ಹೆಚ್ಚಾದರೆ ಮೂಗು ಮರಗಟ್ಟಿ ವಾಸನೆಯೇ ತಿಳಿಯುವುದಿಲ್ಲ.

ಹೊತ್ತಿಕೊಳ್ಳುವಂಥವು ಮತ್ತು ಆಕ್ಸಿಡೈಸರ್: ಈ ದೂರಕ್ಕೆ ರಿಯಾಯಿತಿ ಇಲ್ಲ

ಜಾಗ ಕಡಿಮೆ ಇದ್ದರೆ ಉಳಿದ ಕೆಲವು ವಿಷಯಗಳಲ್ಲಿ ಟಬ್ ಇಟ್ಟು ಹೊಂದಾಣಿಕೆ ಮಾಡಬಹುದು. ಈ ಜೋಡಿಯಲ್ಲಿ ಮಾತ್ರ ಬೇಡ.

ಅಸಿಟೋನ್‌ನ ಫ್ಲ್ಯಾಶ್ ಪಾಯಿಂಟ್ ಸೊನ್ನೆಗಿಂತ ಸುಮಾರು 20 ಡಿಗ್ರಿ ಕೆಳಗೆ, ಎಥನಾಲ್‌ನದ್ದು ಸುಮಾರು 13 ಡಿಗ್ರಿ. ಅಂದರೆ ಕರ್ನಾಟಕದ ಯಾವ ಊರಿನಲ್ಲೂ ಅಸಿಟೋನ್ ಬಾಟಲಿ ಸದಾ ಹೊತ್ತಿಕೊಳ್ಳಲು ತಯಾರಾಗೇ ಇರುತ್ತದೆ. ಅದರ ಆವಿ ಗಾಳಿಗಿಂತ ಭಾರ. ಮೇಲೆ ಹೋಗದೆ ನೆಲದ ಮೇಲೆ ಹರಡಿ ದೂರದ ಕಿಡಿಯನ್ನು ಹುಡುಕಿಕೊಂಡು ಹೋಗುತ್ತದೆ. ಸ್ವಿಚ್, ಯುಪಿಎಸ್, ಫ್ರಿಜ್‌ನ ಥರ್ಮೋಸ್ಟಾಟ್ ಯಾವುದಾದರೂ ಸಾಕು. ಮನೆಯಲ್ಲಿ ಬಳಸುವ ಮಾಮೂಲಿ ಫ್ರಿಜ್‌ನಲ್ಲಿ ಈಥರ್, ಅಸಿಟೋನ್ ಇಡಬಾರದು ಎನ್ನುವುದು ಇದಕ್ಕೇ. ಒಳಗೆ ಆವಿ ತುಂಬಿಕೊಳ್ಳುತ್ತದೆ, ಕಿಡಿಯೂ ಒಳಗೇ ಇರುತ್ತದೆ.

ಸಾಮಾನ್ಯ ಬೆಂಕಿಯನ್ನು ಗಾಳಿ ಸಿಗದಂತೆ ಮುಚ್ಚಿ ಆರಿಸಬಹುದು. ಆಕ್ಸಿಡೈಸರ್ ಸೇರಿದ ಬೆಂಕಿಗೆ ಗಾಳಿ ಬೇಕಾಗಿಲ್ಲ, ಬೇಕಾದ ಆಕ್ಸಿಜನ್ ಆ ಹರಳಿನೊಳಗೇ ಇರುತ್ತದೆ. ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್ ಹೊಡೆದರೂ ಉರಿ ನಿಲ್ಲದೆ ಇರಬಹುದು.

ದೊಡ್ಡ ಪ್ರಮಾಣದಲ್ಲಿ ಇದು ಏನು ಮಾಡುತ್ತದೆ ಎಂಬುದಕ್ಕೆ ಚೀನಾದ ತಿಯಾಂಜಿನ್ ಬಂದರು ಸಾಕ್ಷಿ. 2015ರ ಆಗಸ್ಟ್ 12ರ ರಾತ್ರಿ ಅಲ್ಲಿನ ಒಂದು ಕೆಮಿಕಲ್ ಗೋದಾಮಿನಲ್ಲಿ ಕಂಟೇನರ್‌ನಲ್ಲಿದ್ದ, ಬಹಳ ಬೇಗ ಹೊತ್ತಿಕೊಳ್ಳುವ ನೈಟ್ರೋಸೆಲ್ಯುಲೋಸ್ ತೇವ ಒಣಗಿ, ಬಿಸಿಯಾಗಿ, ತಾನಾಗಿ ಹೊತ್ತಿಕೊಂಡಿತು. ಬೆಂಕಿ ಅದೇ ಆವರಣದಲ್ಲಿದ್ದ ಅಮೋನಿಯಂ ನೈಟ್ರೇಟ್‌ಗೆ ಮುಟ್ಟಿತು. ಸ್ಫೋಟದಲ್ಲಿ 165 ಜನ ಸತ್ತರು, 8 ಜನ ಪತ್ತೆಯಾಗಲಿಲ್ಲ. ಸತ್ತವರಲ್ಲಿ ಹೆಚ್ಚಿನವರು ಬೆಂಕಿ ಆರಿಸಲು ಹೋದವರು. ಕಾಲೇಜಿನಲ್ಲಿ ಇರುವುದು ಅರ್ಧ ಕಿಲೋ ಡಬ್ಬಿ, ಅಲ್ಲಿದ್ದದ್ದು ನೂರಾರು ಟನ್. ಆದರೆ ಹೊತ್ತುವ ವಸ್ತು ಮತ್ತು ಆಕ್ಸಿಡೈಸರ್ ನಡುವೆ ಅಡ್ಡಗೋಡೆ ಇಲ್ಲದ ಲೆಕ್ಕ ಎರಡೂ ಕಡೆ ಒಂದೇ.

ಮೂರನೇ ಹೆಜ್ಜೆ: ಯಾವುದು ಎಲ್ಲಿ

ಸ್ಟೀಲ್ ಬೀರುವಿಗೆ ಹೊತ್ತಿಕೊಳ್ಳುವಂಥವು: ಅಸಿಟೋನ್, ಎಥನಾಲ್, ಗ್ಲಿಸರಿನ್. ತಳದ ಹಲಗೆಯಲ್ಲಿ ಪ್ಲಾಸ್ಟಿಕ್ ಟಬ್ಬಿನೊಳಗೆ ಅಸಿಟಿಕ್ ಆಸಿಡ್. ಬೀರು ಸ್ವಿಚ್ ಬೋರ್ಡ್‌ನಿಂದ ದೂರ ಇರಲಿ, ಬಿಸಿಲು ಬೀಳುವ ಕಿಟಕಿಯ ಎದುರಿಗೂ ಬೇಡ.

ಆಕ್ಸಿಡೈಸರ್‌ಗಳು ಎದುರು ಗೋಡೆಯ ಕಡಪ ಕಲ್ಲಿನ ಶೆಲ್ಫಿಗೆ. ಕಲ್ಲು ಉರಿಯುವುದಿಲ್ಲ. ಮರದ ಬೀರು ಖಾಲಿ ಇದೆ ಎಂದು ಪರ್ಮಾಂಗನೇಟ್ ಅಲ್ಲಿಟ್ಟರೆ, ಬೀರೇ ಅದಕ್ಕೆ ಸೌದೆ. ಪರ್ಮಾಂಗನೇಟ್, ಡೈಕ್ರೋಮೇಟ್ ಒಂದು ಅಂಕಣದಲ್ಲಿ, ಅಮೋನಿಯಂ ನೈಟ್ರೇಟ್ ಇನ್ನೊಂದರಲ್ಲಿ. ಪೆರಾಕ್ಸೈಡ್ ಎಲ್ಲಕ್ಕಿಂತ ಕೆಳಗಿನ ಅಂಕಣದಲ್ಲಿ, ಸ್ವಂತ ಟಬ್ಬಿನಲ್ಲಿ. ಅದರ ಮೇಲೆ ಪುಡಿ ಬೀಳುವಂಥದ್ದೇನೂ ನೇರವಾಗಿ ಇರಬಾರದು. ಪೆರಾಕ್ಸೈಡ್ ನಿಧಾನವಾಗಿ ಆಕ್ಸಿಜನ್ ಬಿಡುತ್ತಲೇ ಇರುತ್ತದೆ, ಆದ್ದರಿಂದ ಗಾಳಿಯಾಡುವ ಮುಚ್ಚಳದ ಮೂಲ ಬಾಟಲಿಯಲ್ಲೇ ಇರಲಿ. ಬಿಗಿ ಮುಚ್ಚಳದ ಬೇರೆ ಬಾಟಲಿಗೆ ಸುರಿದರೆ ಉಬ್ಬಿ ಒಡೆಯುತ್ತದೆ.

ಕಿಟಕಿ ಕೆಳಗಿನ ಕಟ್ಟೆಯ ಒಂದು ತುದಿಗೆ ಹೈಡ್ರೋಕ್ಲೋರಿಕ್ ಮತ್ತು ಸಲ್ಫ್ಯೂರಿಕ್, ಬೇರೆ ಬೇರೆ ಟಬ್ಬಿನಲ್ಲಿ. ಇನ್ನೊಂದು ತುದಿಗೆ ನೈಟ್ರಿಕ್, ನಡುವೆ ಇಟ್ಟಿಗೆಯ ಸಣ್ಣ ಅಡ್ಡಗೋಡೆ. ಎರಡೂವರೆ ಲೀಟರ್ ಸಲ್ಫ್ಯೂರಿಕ್ ಆಸಿಡ್ ಬಾಟಲಿ ನಾಲ್ಕೂವರೆ ಕಿಲೋಗಿಂತ ಜಾಸ್ತಿ ತೂಗುತ್ತದೆ. ಅದನ್ನು ಎಂದೂ ಕಣ್ಣಿನ ಎತ್ತರಕ್ಕಿಂತ ಮೇಲೆ ಇಡಬೇಡಿ. ನೆಲದ ಮೇಲೂ ಬೇಡ, ಕಾಲು ತಾಗುತ್ತದೆ. ಕಡಪ ಕಲ್ಲು ಸುಣ್ಣದ ಕಲ್ಲಿನ ಜಾತಿ, ಸಿಮೆಂಟನ್ನೂ ಆಸಿಡ್ ತಿನ್ನುತ್ತದೆ. ಹಾಗಾಗಿ ಆಸಿಡ್ ಬಾಟಲಿ ಎಲ್ಲೇ ಇಟ್ಟರೂ ಕೆಳಗೆ ಟಬ್ ಬೇಕೇ ಬೇಕು.

ಕಬ್ಬಿಣದ ರ‍್ಯಾಕ್ ಕಟ್ಟೆಯಿಂದ ದೂರದ ಮೂಲೆಗೆ. ಕೆಳ ಹಲಗೆಯಲ್ಲಿ ಟಬ್ಬಿನೊಳಗೆ ಅಮೋನಿಯಾ, ಮೇಲಿನದ್ದರಲ್ಲಿ ಪ್ಲಾಸ್ಟಿಕ್ ಡಬ್ಬಿಯ ಕಾಸ್ಟಿಕ್ ಸೋಡಾ. ದ್ರವ ಕೆಳಗೆ, ಘನ ಮೇಲೆ ಎಂಬುದು ಎಲ್ಲ ಕಡೆಗೂ ಅನ್ವಯ. ಕಾಸ್ಟಿಕ್ ಸೋಡಾ ದ್ರಾವಣವನ್ನು ಗಾಜಿನ ಬಿರಡೆಯ ಬಾಟಲಿಯಲ್ಲಿ ಇಡಬೇಡಿ, ಬಿರಡೆ ಅಂಟಿಕೊಳ್ಳುತ್ತದೆ. ಅಲ್ಯೂಮಿನಿಯಂ ಟ್ರೇ ಕೂಡ ಬೇಡ. ಬೇಸ್ ತಾಗಿದರೆ ಕರಗಿ ಹೈಡ್ರೋಜನ್ ಬಿಡುತ್ತದೆ.

ಮರದ ಬೀರುವಿಗೆ ಸಾಮಾನ್ಯ ಲವಣಗಳು, ಗಂಧಕ, ಐರನ್ ಸಲ್ಫೈಡ್. ಅಲ್ಲಿ ಆಸಿಡ್ ಇಲ್ಲ, ಆಕ್ಸಿಡೈಸರ್ ಇಲ್ಲ.

ಟಬ್ ಎಷ್ಟು ದೊಡ್ಡದಿರಬೇಕು? ಒಳಗಿರುವ ದೊಡ್ಡ ಬಾಟಲಿ ಪೂರ್ತಿ ಒಡೆದರೂ ಹಿಡಿಯುವಷ್ಟು, ಅದರ ಮೇಲೆ ಹತ್ತನೇ ಒಂದು ಭಾಗ ಹೆಚ್ಚು. ಎರಡೂವರೆ ಲೀಟರ್ ಬಾಟಲಿಗೆ ಕನಿಷ್ಠ 2.75 ಲೀಟರ್. ಅಂಗಡಿಯಲ್ಲಿ ಸಿಗುವ ದಪ್ಪ ಪಾಲಿಥಿನ್ ಟಬ್ ನಡೆಯುತ್ತದೆ. ಆದರೆ ಟಬ್ ತಡೆಯುವುದು ದ್ರವವನ್ನು ಮಾತ್ರ, ಆವಿಯನ್ನಲ್ಲ. ಹೈಡ್ರೋಕ್ಲೋರಿಕ್ ಮತ್ತು ಅಮೋನಿಯಾವನ್ನು ಬೇರೆ ಬೇರೆ ಟಬ್ಬಿನಲ್ಲಿ ಅಕ್ಕಪಕ್ಕ ಇಟ್ಟರೆ ಪ್ರಯೋಜನವಿಲ್ಲ.

ನಾಲ್ಕನೇ ಹೆಜ್ಜೆ: ಸಾಗಿಸುವುದು

ವಿದ್ಯಾರ್ಥಿಗಳು ಇಲ್ಲದ ದಿನ, ಇಬ್ಬರು ಇರುವಾಗ, ಎಕ್ಸಾಸ್ಟ್ ಹಾಕಿ ಮಾಡಿ. ಕನ್ನಡಕ, ಕೈಗವಸು, ಏಪ್ರನ್. ಒಂದು ಸಲಕ್ಕೆ ಒಂದೇ ಗುಂಪು. ಬಾಟಲಿಯನ್ನು ಕುತ್ತಿಗೆ ಹಿಡಿದು ಎತ್ತಬೇಡಿ, ಬಕೆಟ್‌ನಲ್ಲಿ ಇಟ್ಟು ಒಯ್ಯಿರಿ. ಆಸಿಡ್ ಚೆಲ್ಲಿದರೆ ಹಾಕಲು ಅಡುಗೆ ಸೋಡಾ ಹತ್ತಿರ ಇರಲಿ. ಮರದ ಹೊಟ್ಟು ಹಾಕುವ ಹಳೇ ರೂಢಿ ಕೆಲವು ಕಡೆ ಇದೆ. ನೈಟ್ರಿಕ್ ಚೆಲ್ಲಿದ ಕಡೆ ಹೊಟ್ಟು ಹಾಕಿದರೆ ಬೆಂಕಿಗೆ ತಯಾರಿ ಮಾಡಿದಂತೆ. ಒಣ ಮರಳು ಬಳಸಿ. ಕಣ್ಣಿಗೆ ಸಿಡಿದರೆ ಕನಿಷ್ಠ 15 ನಿಮಿಷ ಹರಿಯುವ ನೀರಿನಲ್ಲಿ ತೊಳೆದು ಆಸ್ಪತ್ರೆಗೆ.

ಐದನೇ ಹೆಜ್ಜೆ: ತಿಂಗಳಿಗೊಮ್ಮೆ ಏನು ನೋಡಬೇಕು

ಬಾಟಲಿಗಳ ಮೇಲೆ, ಕಿಟಕಿ ಗಾಜಿನ ಮೇಲೆ ಬಿಳಿ ಪುಡಿ ಕಂಡರೆ ಧೂಳು ಎಂದು ಒರೆಸಿ ಬಿಡಬೇಡಿ. ಅದು ಅಮೋನಿಯಂ ಕ್ಲೋರೈಡ್ ಇರಬಹುದು. ಅಮೋನಿಯಾ ಮತ್ತು ಹೈಡ್ರೋಕ್ಲೋರಿಕ್ ಎರಡೂ ಬಾಟಲಿಗಳಿಂದ ಅನಿಲ ಸೋರಿ ಗಾಳಿಯಲ್ಲಿ ಭೇಟಿಯಾಗಿವೆ ಎಂದರ್ಥ. ಪುಡಿಯಿಂದ ದೊಡ್ಡ ಅಪಾಯವಿಲ್ಲ, ಆದರೆ ಎರಡು ಮುಚ್ಚಳ ಸಡಿಲ ಇವೆ ಮತ್ತು ಜಾಗ ಸಾಲದು ಎಂಬುದು ಖಚಿತ. ಬೀರುವಿನ ಕೀಲು, ಬೀಗ, ರ‍್ಯಾಕ್‌ನ ಸ್ಕ್ರೂ ಬೇಗ ತುಕ್ಕು ಹಿಡಿಯುತ್ತಿದ್ದರೆ ಆಸಿಡ್ ಆವಿ ಸುತ್ತಾಡುತ್ತಿದೆ. ನೈಟ್ರಿಕ್ ಬಾಟಲಿಯ ಮೇಲ್ಭಾಗದಲ್ಲಿ ಕಂದು ಹೊಗೆ ದಟ್ಟವಾದರೆ ಅದು ಬೆಳಕು, ಬಿಸಿಗೆ ಒಡೆಯುತ್ತಿದೆ. ಈಥರ್ ಬಾಟಲಿ ಇದ್ದರೆ ತೆರೆದ ದಿನಾಂಕ ಬರೆದಿದೆಯೇ ನೋಡಿ. ಹಳತಾದರೆ ಒಳಗೆ ಸ್ಫೋಟಕ ಪೆರಾಕ್ಸೈಡ್ ಕಟ್ಟುತ್ತದೆ. ಮುಚ್ಚಳದ ಸುತ್ತ ಹರಳು ಕಂಡರೆ ಅದನ್ನು ತಿರುಗಿಸಲು ಹೋಗಬೇಡಿ, ಮುಟ್ಟದೆ ಬಲ್ಲವರನ್ನು ಕರೆಸಿ.

ಮರೆತುಹೋಗುವ ಬಾಟಲಿ

ಇಷ್ಟೆಲ್ಲ ಬೇರ್ಪಡಿಸಿ, ಪ್ರಾಕ್ಟಿಕಲ್ ಮುಗಿದ ಮೇಲೆ ಉಳಿದಿದ್ದನ್ನೆಲ್ಲ ಒಂದೇ ವೇಸ್ಟ್ ಕ್ಯಾನಿಗೆ ಸುರಿಯುವವರಿದ್ದಾರೆ. ಸ್ಟೋರ್ ರೂಮಿನಲ್ಲಿ ದೂರ ಇದ್ದವು ಅಲ್ಲಿ ಒಂದಾಗುತ್ತವೆ. ನೈಟ್ರಿಕ್ ಆಸಿಡ್ ಉಳಿಕೆಗೆ ಎಥನಾಲ್ ಅಥವಾ ಅಸಿಟೋನ್ ತೊಳೆದ ದ್ರವ ಸೇರಿದರೆ ನಿಧಾನಕ್ಕೆ ಅನಿಲ ಹುಟ್ಟುತ್ತದೆ. ಮುಚ್ಚಳ ಬಿಗಿ ಮಾಡಿ ಮನೆಗೆ ಹೋದ ಮೇಲೆ ಒತ್ತಡ ಏರಿ ಬಾಟಲಿ ಸಿಡಿಯುತ್ತದೆ. ವೇಸ್ಟ್‌ಗೂ ಅದೇ ಗುಂಪುಗಳು: ಆಸಿಡ್‌ಗೆ ಒಂದು ಕ್ಯಾನ್, ಬೇಸ್‌ಗೆ ಒಂದು, ಉರಿಯುವ ದ್ರವಕ್ಕೆ ಒಂದು, ನೈಟ್ರಿಕ್ ಮತ್ತು ಡೈಕ್ರೋಮೇಟ್‌ಗೆ ಪ್ರತ್ಯೇಕ ಪ್ರತ್ಯೇಕ. ಪ್ರತಿ ಕ್ಯಾನಿನ ಮೇಲೂ ಏನು ಹಾಕಬಹುದು ಎಂಬುದರ ಜೊತೆ ಏನು ಹಾಕಬಾರದು ಎಂದೂ ಬರೆಯಿರಿ.

ಮನೆಯ ಬಚ್ಚಲಿಗೂ ಒಮ್ಮೆ ಇಣುಕಿ ನೋಡಿ. ಟಾಯ್ಲೆಟ್ ತೊಳೆಯುವ ಆಸಿಡ್ ಮತ್ತು ಬ್ಲೀಚಿಂಗ್ ಪೌಡರ್ ಒಂದೇ ಮೂಲೆಯಲ್ಲಿ ಇರುತ್ತವೆ. ಎರಡೂ ಸೇರಿದರೆ ಬರುವುದು ಕ್ಲೋರಿನ್, ಅದೂ ಕಿಟಕಿ ಇಲ್ಲದ ಜಾಗದಲ್ಲಿ.

ಕೊನೆಯದಾಗಿ, ಸ್ಟೋರ್ ರೂಮಿನ ನಕ್ಷೆಯೊಂದನ್ನು ಬರೆದು ಬಾಗಿಲಿನ ಹೊರಗೆ ಅಂಟಿಸಿ. ಯಾವ ಗೋಡೆಗೆ ಆಕ್ಸಿಡೈಸರ್, ಯಾವ ಬೀರುವಿನಲ್ಲಿ ಹೊತ್ತಿಕೊಳ್ಳುವ ದ್ರವ, ಅಂದಾಜು ಎಷ್ಟು ಲೀಟರ್, ಯಾರಿಗೆ ಫೋನ್ ಮಾಡಬೇಕು. ಸ್ಟಾಕ್ ರಿಜಿಸ್ಟರ್ ಅಕ್ಷರಮಾಲೆಯಲ್ಲೇ ಇರಲಿ, ತೊಂದರೆ ಇಲ್ಲ. ಪ್ರತಿ ಹೆಸರಿನ ಮುಂದೆ ಜಾಗದ ಒಂದು ಕಾಲಂ ಸೇರಿಸಿದರೆ ಅಟೆಂಡರ್‌ಗೆ ಬಾಟಲಿ ಹುಡುಕಲು ಮೊದಲಿನಷ್ಟೇ ಸುಲಭ.